ಕೂಗುವ ಇನ್ವರ್ಟರಿಗೆ ಕೂಡುವ ಲೆಕ್ಕ

"ದೊಡ್ಡಪ್ಪ, ಕರೆಂಟ್ ಹೋದ ಕೂಡಲೇ ನಮ್ಮ ಇನ್ವರ್ಟರ್ ಕುಯ್ ಕುಯ್ ಎಂದು ಕೂಗಿ ಓವರ್‌ಲೋಡ್ ದೀಪ ತೋರಿಸುತ್ತದೆ. ಕೆಲವು ಸಂಜೆ ಕೂಗುತ್ತದೆ, ಕೆಲವು ಸಂಜೆ ಸುಮ್ಮನಿರುತ್ತದೆ. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿಸಿದೆವು, ಆದರೂ ಅದೇ ಕಥೆ. ಅಂಗಡಿಯವರು ದೊಡ್ಡ ಇನ್ವರ್ಟರ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ತೆಗೆದುಕೊಳ್ಳುವುದೇ?"

ಬೇಡ ಮಗಳೇ, ಸದ್ಯಕ್ಕೆ ಬೇಡ. ಅಳಿಯಂದಿರಿಗೂ ಹೇಳು, ಮುಂಗಡ ಕೊಟ್ಟಿಲ್ಲದಿದ್ದರೆ ಕೊಡುವುದು ಬೇಡ. ಈ ಸಣ್ಣ ಅಕ್ಷರಗಳನ್ನು ಒತ್ತುವುದಕ್ಕೆ ನನ್ನ ಕಣ್ಣು ಒಪ್ಪುವುದಿಲ್ಲ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಗುಂಪಿನಲ್ಲಿ ಉಳಿದವರಿಗೆ ಬೇಸರವಾದರೆ ಮುಂದಕ್ಕೆ ಓಡಿಸಿಕೊಳ್ಳಿ.

ಮೊದಲು ಬ್ಯಾಟರಿಯ ವಿಚಾರ ಮುಗಿಸಿಬಿಡೋಣ. ನಿಮ್ಮ ಮನೆಯ ಮಾಡಿನ ಮೇಲೆ ನೀರಿನ ತೊಟ್ಟಿ ಇದೆಯಲ್ಲ, ಬ್ಯಾಟರಿ ಎಂದರೆ ಆ ತೊಟ್ಟಿ. ಇನ್ವರ್ಟರ್ ಅದರಿಂದ ಇಳಿದುಬರುವ ಕೊಳವೆ. ಹೊಸ ತೊಟ್ಟಿ ಕೂರಿಸಿದರೆ ನೀರು ಹೆಚ್ಚು ಹೊತ್ತು ಬರುತ್ತದೆ, ಆದರೆ ಕೊಳವೆ ದಪ್ಪವಾಗುವುದಿಲ್ಲ. ಓವರ್‌ಲೋಡ್ ಎನ್ನುವುದು ಕೊಳವೆಯ ದೂರು. ಬ್ಯಾಟರಿಗೆ ಶಕ್ತಿ ಸಾಲದೆ ಕೂಗುವುದಾದರೆ ಕರೆಂಟ್ ಹೋಗಿ ಒಂದೆರಡು ಗಂಟೆ ಕಳೆದ ಮೇಲೆ, ತೀರಾ ಹಳೆಯ ಬ್ಯಾಟರಿಯಾದರೆ ಹತ್ತು ನಿಮಿಷಕ್ಕೆ ಕೂಗುತ್ತದೆ, ಆಗ ಹತ್ತುವ ದೀಪವೂ ಬೇರೆ. ಹೋದ ಕೂಡಲೇ ಕೂಗಿತೆಂದರೆ ಆ ಹೊತ್ತಿಗೆ ಉರಿಯುತ್ತಿರುವ, ತಿರುಗುತ್ತಿರುವ ವಸ್ತುಗಳ ಒಟ್ಟು ಹೊರೆಯನ್ನೇ ನೋಡಬೇಕು. ಕರೆಂಟ್ ಇದ್ದಾಗ ಅದು ಬಾಯಿ ಬಿಡುವುದಿಲ್ಲ. ಆಗ ಬೀದಿಯ ಕರೆಂಟೇ ಇನ್ವರ್ಟರಿನ ಮೂಲಕ ನೇರವಾಗಿ ಹಾದು ಹೋಗುತ್ತದೆ, ಹೊರುವ ಕೆಲಸ ಅದರದಲ್ಲ.

ನೀನು ಕಳಿಸಿದ ಚಿತ್ರದಲ್ಲಿ ಬೆನ್ನಿನ ಚೀಟಿ ಓದಿದೆ. 900 ವಿಎ ಎಂದಿದೆ, ವೋಲ್ಟನ್ನು ಆಂಪಿಯರಿಗೆ ಗುಣಿಸಿದ ಅಳತೆ ಅದು. ಎಲ್ಲರೂ ಎಡವುವುದು ಇಲ್ಲೇ. 900 ವಿಎ ಎಂದರೆ 900 ವಾಟ್ ಅಲ್ಲ. ಇಂಥ ಮನೆಯ ಇನ್ವರ್ಟರುಗಳಿಗೆ ಅದರ ಹತ್ತರಲ್ಲಿ ಎಂಟು ಪಾಲು ಎಂದು ಹಿಡಿಯುವುದು ರೂಢಿ. ಅಂದರೆ ನಿನ್ನದಕ್ಕೆ ಸುಮಾರು 720 ವಾಟ್. ಈ ಅಂಕಿಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೋ.

ಈಗ ಲೆಕ್ಕ. ಇನ್ವರ್ಟರ್ ಲೈನಿನಲ್ಲಿ ಏನೇನಿದೆ ಎಂದು ಊಹೆಯ ಮೇಲೆ ಬರೆಯಬೇಡ. ಮನೆಯವರು ಹೇಳುವ ಪಟ್ಟಿಗೂ ಗೋಡೆಯೊಳಗಿನ ತಂತಿಗೂ ಎಷ್ಟೋ ಬಾರಿ ತಾಳೆಯಾಗುವುದಿಲ್ಲ. ಹಗಲು ಹೊತ್ತಿನಲ್ಲಿ, ಬ್ಯಾಟರಿ ತುಂಬಿದ್ದಾಗ, ಮೀಟರಿನ ಪಕ್ಕದ ಮೇನ್ ಸ್ವಿಚ್ ಆರಿಸು. ಆಮೇಲೆ ಮೊಬೈಲ್ ಚಾರ್ಜರನ್ನೋ ಪುಟ್ಟ ರಾತ್ರಿದೀಪವನ್ನೋ ಕೈಯಲ್ಲಿ ಹಿಡಿದು ಒಂದೊಂದೇ ಕೋಣೆಗೆ ಹೋಗು. ಸ್ವಿಚ್ ಹಾಕಿದಾಗ ಹತ್ತಿದ್ದನ್ನೆಲ್ಲ ಬರೆ. ಪ್ಲಗ್ಗುಗಳನ್ನು ಒಂದನ್ನೂ ಬಿಡಬೇಡ. ದೀಪ, ಫ್ಯಾನು ಎಲ್ಲರ ಕಣ್ಣಿಗೂ ಬೀಳುತ್ತವೆ. ಕಳ್ಳ ಅಡಗುವುದು ಪ್ಲಗ್ಗಿನಲ್ಲಿ.

ಹೋದ ಸಲ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದಿದ್ದೆನಲ್ಲ, ಆಗ ಕಂಡದ್ದು ನೆನಪಿದೆ, ಒಂದು ಅಂದಾಜು ಮಾಡುತ್ತೇನೆ. ತಪ್ಪಿದ್ದರೆ ತಿದ್ದು. ಹಳೆಯ ಬಗೆಯ ಫ್ಯಾನು ನಾಲ್ಕು, ತಲೆಗೆ 75 ವಾಟ್, ಅಲ್ಲಿಗೆ 300. ಎಲ್ಇಡಿ ಟ್ಯೂಬು ಮೂರು, ತಲಾ 20, ಅದು 60. ಜಗಲಿ, ಬಚ್ಚಲು, ದೇವರ ಮನೆ, ಮೆಟ್ಟಿಲು ಸೇರಿ 9 ವಾಟಿನ ಬಲ್ಬು ನಾಲ್ಕು, ಅದು 36. ಕೊಟ್ಟಿಗೆಯಲ್ಲಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಎರಡು. ಅದರ ಮೇಲೆ 40 ಎಂದು ಬರೆದಿದ್ದರೂ ಚೋಕ್ ತಿನ್ನುವುದನ್ನು ಸೇರಿಸಿ ತಲಾ 50 ಹಿಡಿ, ಎರಡಕ್ಕೆ 100. ಟಿವಿ ಮತ್ತು ಅದರ ಪೆಟ್ಟಿಗೆ ಸೇರಿ 100. ವೈಫೈಗೆ 10. ಅಳಿಯಂದಿರ ಲ್ಯಾಪ್‌ಟಾಪಿಗೆ 65. ಎಲ್ಲ ಕೂಡಿದರೆ 671. ನಿನ್ನ 720ರ ಒಳಗೇ ಇದೆ. ಸುಮ್ಮನಿರುವ ಸಂಜೆಗಳು ಇವು.

ಹಾಗಾದರೆ ಕೂಗುವ ಸಂಜೆ? ಅವತ್ತು ಊಟ ಬಡಿಸುವಾಗ ಕರೆಂಟ್ ಹೋಯಿತು. ನಿಮ್ಮ ಅತ್ತೆಯವರು ಮಜ್ಜಿಗೆ ತೆಗೆಯಲು ಫ್ರಿಜ್ ಬಾಗಿಲು ತೆರೆದರು. ಒಳಗೆ ದೀಪ ಉರಿಯುತ್ತಿತ್ತು! ಎಲೆಯ ಮುಂದೆ ಕುಳಿತೇ ನೋಡಿದೆ, ಹೋಳಿಗೆಯ ಗಮನದಲ್ಲಿ ಕೇಳುವುದು ಮರೆತುಹೋಯಿತು. ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸುವಾಗ ಫ್ರಿಜ್ಜನ್ನು ಊಟದ ಮನೆಯ ಕೈತೊಳೆಯುವ ಬೇಸಿನ್ ಪಕ್ಕಕ್ಕೆ ತಂದಿರಿ, ಅಲ್ಲಿಯ ಪ್ಲಗ್ಗಿಗೇ ಸಿಕ್ಕಿಸಿದಿರಿ. ಆ ಪ್ಲಗ್ಗು ದೀಪದ ಲೈನಿನದು, ಅಂದರೆ ಇನ್ವರ್ಟರಿನದು.

ಕಂಪ್ರೆಸರ್ ಓಡುವಾಗ ಫ್ರಿಜ್ಜಿಗೆ 120 ವಾಟ್ ಎಂದುಕೋ. 671ಕ್ಕೆ 120 ಸೇರಿದರೆ 791. ಮಿತಿ ದಾಟಿತು. ಆದರೆ ಕಂಪ್ರೆಸರ್ ಇಡೀ ದಿನ ಓಡುವುದಿಲ್ಲ, ಒಳಗೆ ತಂಪಾದ ಮೇಲೆ ನಿಲ್ಲುತ್ತದೆ, ಬಿಸಿಯೇರಿದಾಗ ಮತ್ತೆ ಹೊರಡುತ್ತದೆ. ಕರೆಂಟ್ ಹೋದ ಗಳಿಗೆಯಲ್ಲಿ ಅದು ನಿಂತಿದ್ದರೆ ನಿನ್ನ ಇನ್ವರ್ಟರ್ ಸಾಧು, ಓಡುತ್ತಿದ್ದರೆ ಗಲಾಟೆ. ಇನ್ನೊಂದು, ಕಂಪ್ರೆಸರ್ ನಿಂತಲ್ಲಿಂದ ಹೊರಡುವ ಆ ಒಂದು ಕ್ಷಣಕ್ಕೆ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಎತ್ತು ಗಾಡಿಯನ್ನು ಹೂತಲ್ಲಿಂದ ಕಿತ್ತು ಎಳೆಯುವ ಹಾಗೆ. ಸುಮ್ಮನಿದ್ದ ಇನ್ವರ್ಟರ್ ಅರ್ಧ ಗಂಟೆಯ ಮೇಲೆ ಇದ್ದಕ್ಕಿದ್ದಂತೆ ಕೂಗಿ, ದೀಪಗಳೆಲ್ಲ ಆರಿ, ಮತ್ತೆ ತಾನೇ ಹತ್ತಿಕೊಂಡದ್ದನ್ನು ನೀನು ನೋಡಿರಬಹುದು. ಹೊರೆ ಹೆಚ್ಚಾದಾಗ ಬಹಳಷ್ಟು ಇನ್ವರ್ಟರುಗಳು ಹಾಗೆಯೇ ಆರಿ, ಕೆಲವು ಬಾರಿ ತಾವೇ ಹತ್ತಿ ನೋಡುತ್ತವೆ. ಆಗದಿದ್ದರೆ ಕೈಬಿಡುತ್ತವೆ, ಆಮೇಲೆ ಮುಂದಿನ ಗುಂಡಿ ಒತ್ತಿ ಎಬ್ಬಿಸಬೇಕು.

ಕೊಟ್ಟಿಗೆಯ ಟ್ಯೂಬುಗಳದ್ದು ಇನ್ನೊಂದು ತಂಟೆ. ಚೋಕ್ ಇರುವ ಟ್ಯೂಬು ಮೀಟರಿನಲ್ಲಿ 50 ವಾಟ್ ತೋರಿಸಿದರೂ ತಂತಿಯಲ್ಲಿ ಎಳೆಯುವ ಕರೆಂಟ್ 0.43 ಆಂಪಿಯರ್. ಅದನ್ನು 230 ವೋಲ್ಟಿಗೆ ಗುಣಿಸಿದರೆ ಸುಮಾರು 100 ವಿಎ. ಬಿಲ್ಲಿಗೆ 50, ಇನ್ವರ್ಟರಿನ ಬೆನ್ನಿಗೆ 100. ನಿನ್ನ 791ರಲ್ಲಿ ಆ ಎರಡಕ್ಕೆ ವಿಎ ಲೆಕ್ಕ ಹಾಕಿದರೆ 891 ಆಯಿತು. ಫ್ಯಾನು, ಫ್ರಿಜ್ಜುಗಳೂ ವಾಟಿಗಿಂತ ಸ್ವಲ್ಪ ಹೆಚ್ಚೇ ಎಳೆಯುವುದರಿಂದ 900ರ ಗೆರೆಯೂ ಅಲ್ಲೇ ಮುಗಿಯುತ್ತದೆ. ಎರಡೂ ಕಡೆಯಿಂದ ಸಿಕ್ಕಿಬಿದ್ದಿದೆ ಪಾಪ.

ಫ್ರಿಜ್ಜಿನ 120 ನನ್ನ ಅಂದಾಜು. ನಿನ್ನ ಮನೆಯ ಮೀಟರಿನಲ್ಲೇ ಅಳೆಯಬಹುದು. ಮೀಟರಿನ ಮುಖದ ಮೇಲೆ ಕೆಂಪಗೆ ಮಿಣುಕುವ ಚುಕ್ಕಿಯ ಹತ್ತಿರ imp/kWh ಎಂಬ ಬರಹದೊಂದಿಗೆ ಒಂದು ಅಂಕಿ ಇರುತ್ತದೆ, ಎಷ್ಟೋ ಮೀಟರುಗಳಲ್ಲಿ 3200. ಒಂದು ಯೂನಿಟ್ಟಿಗೆ ಅಷ್ಟು ಸಲ ಮಿಣುಕುತ್ತದೆ ಎಂದು ಅರ್ಥ. ಕರೆಂಟ್ ಇರುವಾಗ ಇನ್ವರ್ಟರಿನ ಪ್ಲಗ್ಗಿನ ಸ್ವಿಚ್ ಆರಿಸು. ಆಗ ದೀಪ ಫ್ಯಾನುಗಳು ಬ್ಯಾಟರಿಯ ಮೇಲೆ ನಡೆಯುತ್ತವೆ, ಮೀಟರಿಗೆ ಲೆಕ್ಕವಿಲ್ಲ. ಫ್ರಿಜ್ಜನ್ನು ಅಡುಗೆಮನೆಯ ಹಳೆಯ ಪ್ಲಗ್ಗಿಗೆ ಹಾಕಿ, ಪಂಪು, ಮಿಕ್ಸಿ, ಗೀಸರ್ ಎಲ್ಲ ಆರಿಸಿ, ಕಂಪ್ರೆಸರ್ ಗುಂಯ್‌ಗುಡುವಾಗ ಒಂದು ನಿಮಿಷ ಮಿಣುಕು ಎಣಿಸು. 3200ರ ಮೀಟರಾದರೆ ಒಂದು ಮಿಣುಕಿಗೆ ಸುಮಾರು 19 ವಾಟ್. ಆರು ಮಿಣುಕಿದರೆ 112, ಏಳಾದರೆ 131. ಮೊಮ್ಮಗನಿಗೆ ಹೇಳು, ಸಂತೋಷದಿಂದ ಎಣಿಸುತ್ತಾನೆ.

ಒಂದು ತಪ್ಪು ಮಾಡಬೇಡ. ಎಲ್ಲವನ್ನೂ ಆರಿಸಿ ಒಂದೊಂದೇ ಹಾಕುತ್ತಾ ಹೋಗಿ, ಯಾವುದಕ್ಕೆ ಕೂಗಿತೋ ಅದೇ ಹಾಳಾಗಿದೆ ಎಂದುಕೊಳ್ಳುವವರಿದ್ದಾರೆ. ಕೊನೆಗೆ ಹಾಕಿದ್ದು ದೇವರ ಮನೆಯ 9 ವಾಟಿನ ಬಲ್ಬಾಗಿದ್ದರೆ ಅದರ ತಲೆಗೆ ಕಟ್ಟುತ್ತೀರಾ? ತುಂಬಿದ ಬಸ್ಸಿಗೆ ಕೊನೆಯಲ್ಲಿ ಹತ್ತಿದವನನ್ನು ಬೈದ ಹಾಗೆ. ಹೀಗೆ ಒಂದೊಂದೇ ಹಾಕಿ ನೋಡುವುದರಿಂದ ತಿಳಿಯುವುದು ಬೇರೆ: ಪಟ್ಟಿಯ ಮೊತ್ತ 720 ಮುಟ್ಟುವ ಆಸುಪಾಸಿನಲ್ಲಿ ಕೂಗಿದರೆ ನಿನ್ನ ಪಟ್ಟಿ ಸರಿ. 300ಕ್ಕೇ ಕೂಗಿದರೆ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ, ಮತ್ತೆ ಕೋಣೆ ಸುತ್ತಬೇಕು. ಎಲ್ಲ ಸ್ವಿಚ್ಚೂ ಆರಿದ್ದಾಗಲೂ ಕೂಗಿದರೆ, ಎಲೆಕ್ಟ್ರಿಷಿಯನ್ ಕರೆಸಿ ಇನ್ವರ್ಟರಿನಿಂದ ಮನೆಗೆ ಹೋಗುವ ತಂತಿ ಬಿಚ್ಚಿಸಿ ನೋಡಿಸು. ತಂತಿ ಬಿಚ್ಚಿದ ಮೇಲೂ ಕೂಗು ನಿಲ್ಲದಿದ್ದರೆ ದೋಷ ಪೆಟ್ಟಿಗೆಯೊಳಗಿನದು. ನಿಂತರೆ ಗೋಡೆಯ ತಂತಿಯಲ್ಲಿ ಎಲ್ಲೋ ಶಾರ್ಟ್ ಇದೆ. ಇವೆರಡನ್ನೂ ನೀನು ಮುಟ್ಟಲು ಹೋಗಬೇಡ.

ಇನ್ನು ಮಾಡಬೇಕಾದದ್ದು. ಫ್ರಿಜ್ಜನ್ನು ಇನ್ವರ್ಟರ್ ಇಲ್ಲದ ಪ್ಲಗ್ಗಿಗೆ ಹಾಕು. ಬಾಗಿಲು ತೆರೆಯದೆ ಬಿಟ್ಟರೆ ನಾಲ್ಕು ಗಂಟೆ ಒಳಗಿನ ತಂಪು ನಿಲ್ಲುತ್ತದೆ. ಮಳೆಗಾಲದಲ್ಲಿ ಕರೆಂಟ್ ಅದಕ್ಕೂ ಹೆಚ್ಚು ಹೊತ್ತು ಹೋಗುತ್ತದೆ ಎಂದು ನಿಮ್ಮ ಅತ್ತೆಯವರು ಹೇಳುತ್ತಾರೆ, ಅದು ನಿಜವೇ, ಆದರೆ ಅಂಥ ದಿನ ಫ್ರಿಜ್ಜನ್ನೂ ಹೊತ್ತರೆ ಬ್ಯಾಟರಿ ಬೇಗ ಬರಿದಾಗಿ ರಾತ್ರಿ ದೀಪವೂ ಇಲ್ಲದಂತಾಗುತ್ತದೆ. ಕೊಟ್ಟಿಗೆಯ ಎರಡು ಟ್ಯೂಬು ತೆಗೆಸಿ 20 ವಾಟಿನ ಎಲ್ಇಡಿ ಹಾಕಿಸು, ಚೋಕ್ ಬಿಚ್ಚಿ ಹಾಕಲು ಹೇಳು. 671 ಇದ್ದದ್ದು 611ಕ್ಕೆ ಇಳಿಯುತ್ತದೆ. ನಡುಮನೆಯ ಫ್ಯಾನು ಹೇಗೂ ಗರಗರ ಎನ್ನುತ್ತದೆ, ಅದರ ಜಾಗಕ್ಕೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ, 30 ವಾಟಿನ ಬಿಎಲ್‌ಡಿಸಿ ಫ್ಯಾನು ತಂದರೆ 566. ಮಿತಿಯ ಐದರಲ್ಲಿ ನಾಲ್ಕು ಪಾಲಿಗಿಂತ ಕೆಳಗೆ. ನೆಂಟರು ಬಂದು ಇನ್ನೊಂದು ಫ್ಯಾನು ಹಾಕಿದರೂ ತಡೆಯುತ್ತದೆ.

ದೊಡ್ಡ ಇನ್ವರ್ಟರ್ ಬೇಡ ಎಂದದ್ದು ಜಿಪುಣತನದಿಂದಲ್ಲ. ನಾನೇ ಒಮ್ಮೆ ಲೆಕ್ಕ ಹಾಕದೆ ದೊಡ್ಡದು ತಂದವನು. ಇಷ್ಟು ವರ್ಷ ಊರವರ ಮನೆಗೆಲ್ಲ ವೈರಿಂಗ್ ಮಾಡಿದವನಿಗೆ ಸ್ವಂತ ಮನೆಯ ಪಟ್ಟಿ ಬರೆಯಲು ಪುರುಸೊತ್ತಿರಲಿಲ್ಲ. ತಂದು ಇಳಿಸಿದ ಮೇಲೆ ತಿಳಿಯಿತು, ಅದು 24 ವೋಲ್ಟಿನದು, ಎರಡು ಬ್ಯಾಟರಿ ಬೇಡುತ್ತದೆ. ನಿನ್ನದು ಒಂದೇ ಬ್ಯಾಟರಿಯ 12 ವೋಲ್ಟಿನದು. ಒಂದೂವರೆ ಸಾವಿರ ವಿಎ ಮೇಲಿನವುಗಳಲ್ಲಿ ಹೆಚ್ಚಿನವು ಎರಡು ಬ್ಯಾಟರಿಯವೇ. ನಮ್ಮ ಮನೆಯಲ್ಲಿ ಕಳ್ಳ ಯಾರಾಗಿದ್ದ ಗೊತ್ತೇ? ಬಚ್ಚಲಿನ ಪ್ಲಗ್ಗಿನಲ್ಲಿ ನಿಮ್ಮ ದೊಡ್ಡಮ್ಮ ನೀರು ಕಾಯಿಸಲು ಹಾಕುತ್ತಿದ್ದ 1000 ವಾಟಿನ ಕಾಯಿಲು ಕಡ್ಡಿ. ಅವಳು ಈ ಗುಂಪಿನಲ್ಲಿದ್ದಾಳೆ, ಇದನ್ನು ಕೇಳಿಸಿಕೊಂಡು ಈಗ ನನ್ನನ್ನು ಬೈಯುತ್ತಾಳೆ.

ಭಾನುವಾರ ಮೇನ್ ಆರಿಸಿ ಪಟ್ಟಿ ಬರೆದು ಚಿತ್ರ ತೆಗೆದು ಕಳಿಸು. ಕೊಟ್ಟಿಗೆಯ ಪ್ಲಗ್ಗು ಬಿಡಬೇಡ. ಹುಲ್ಲು ಕತ್ತರಿಸುವ ಯಂತ್ರ ಎಲ್ಲಿಗೆ ಸಿಕ್ಕಿಸಿದ್ದಾರೆ ಎಂದು ಅವತ್ತು ನೋಡಲಾಗಲಿಲ್ಲ, ನನಗೆ ಅದರ ಮೇಲೂ ಸ್ವಲ್ಪ ಅನುಮಾನವಿದೆ.