ಉಪಕೇಂದ್ರದಿಂದ ಮುಂದಕ್ಕೆ ಎಲ್ಲಿಗೆ ಕಳುಹಿಸಬೇಕು?

ರಕ್ಷಿತಾ, ನರ್ಸಿಂಗ್ ವಿದ್ಯಾರ್ಥಿನಿ, ಉಡುಪಿ: ಸಮುದಾಯ ಆರೋಗ್ಯ ಶುಶ್ರೂಷೆಯ ಪ್ರಶ್ನೆ: "34 ವಾರದ ಗರ್ಭಿಣಿ ಉಪಕೇಂದ್ರಕ್ಕೆ ಬಂದಿದ್ದಾಳೆ. ರಕ್ತದೊತ್ತಡ 160/110, ತೀವ್ರ ತಲೆನೋವು, ಕಣ್ಣು ಮಂಜು, ಮೂತ್ರದಲ್ಲಿ ಪ್ರೋಟೀನ್. ರೆಫರಲ್ ಕ್ರಮ ಬರೆಯಿರಿ." ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ಜಿಲ್ಲಾಸ್ಪತ್ರೆ ಎಂದು ಬಾಣ ಹಾಕಿದರೆ ಸಾಕೇ?

ಪ್ರಶಾಂತ, ಉಪನ್ಯಾಸಕ: ಸಾಕು. ಬಯಲಿನಲ್ಲಿ 5,000 ಜನರಿಗೆ ಉಪಕೇಂದ್ರ, 30,000ಕ್ಕೆ ಪ್ರಾಥಮಿಕ ಕೇಂದ್ರ, 1,20,000ಕ್ಕೆ ಸಮುದಾಯ ಕೇಂದ್ರ. ಗುಡ್ಡಗಾಡಿನಲ್ಲಿ ಇದೇ 3,000, 20,000, 80,000. ಒಂದೊಂದು ಹಂತವೂ ಕೆಳಗಿನದಕ್ಕೆ ರೆಫರಲ್ ಕೇಂದ್ರ. ಸಮುದಾಯ ಕೇಂದ್ರದಲ್ಲಿ 30 ಹಾಸಿಗೆ, ಸ್ತ್ರೀರೋಗ ತಜ್ಞರು ಇರುತ್ತಾರೆ. ಅಲ್ಲಿಗೆ ಮುಟ್ಟಿಸಿದರೆ ಉತ್ತರ ಮುಗಿಯಿತು.

ವಾರಿಜಾ, ಸ್ಟಾಫ್ ನರ್ಸ್, ಕುಂದಾಪುರ ಕಡೆ: ಸರ್, ಜನಸಂಖ್ಯೆಯ ಲೆಕ್ಕ ಕಟ್ಟಡ ಎಲ್ಲೆಲ್ಲಿ ಇರಬೇಕು ಎನ್ನುವುದಕ್ಕೆ. ಈ ಹೆಂಗಸಿಗೆ ಬೇಕಿರುವುದು ಇಪ್ಪತ್ತನಾಲ್ಕು ಗಂಟೆಯೂ ಸಿಸೇರಿಯನ್ ಮಾಡಬಲ್ಲ, ರಕ್ತ ಇಟ್ಟುಕೊಂಡಿರುವ, ಅವಧಿಗೆ ಮೊದಲೇ ಹುಟ್ಟುವ ಮಗುವನ್ನು ನೋಡಿಕೊಳ್ಳಬಲ್ಲ ಜಾಗ. ಇದನ್ನೇ ಪ್ರಥಮ ರೆಫರಲ್ ಘಟಕ ಎನ್ನುತ್ತಾರೆ. ಸಮುದಾಯ ಕೇಂದ್ರದ ಫಲಕದಲ್ಲಿ ತಜ್ಞರ ಹೆಸರಿದ್ದು, ಅರಿವಳಿಕೆ ವೈದ್ಯರ ಹುದ್ದೆ ಖಾಲಿ ಇದ್ದರೆ ಅದು ಅಂದಿನ ಮಟ್ಟಿಗೆ ಆ ಘಟಕವಲ್ಲ. ಆದ್ದರಿಂದ ಮೊದಲು ಫೋನ್, ಆಮೇಲೆ ಬಾಣ.

ರಕ್ಷಿತಾ, ಕಳುಹಿಸುವ ಮೊದಲಿನ ಕೆಲಸವನ್ನೂ ಬರೆಯಬೇಕು. 108ಕ್ಕೆ ಕರೆ ಮಾಡಿ, ಬರುವಷ್ಟರಲ್ಲಿ ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಡಬೇಕು. ಶೇ. 50ರ ದ್ರಾವಣ, 2 ಮಿ.ಲೀ. ಆಂಪೂಲ್‌ನಲ್ಲಿ 1 ಗ್ರಾಂ. ಒಂದೊಂದು ಪೃಷ್ಠಕ್ಕೆ ಐದೈದು ಆಂಪೂಲ್, ಒಟ್ಟು 10 ಗ್ರಾಂ, ಸ್ನಾಯುವಿನೊಳಗೆ ಆಳಕ್ಕೆ. ಎಡಮಗ್ಗುಲಲ್ಲಿ ಮಲಗಿಸಿ ಕಳುಹಿಸಬೇಕು.

ಹರೀಶ, ಸುರತ್ಕಲ್: ಈ ರೆಫರಲ್ ಎಂದರೆ ತಲೆನೋವೇ. ನನ್ನ ಅಮ್ಮನ ಮಂಡಿ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯಲ್ಲಿ ಸರಕಾರಿ ಆಸ್ಪತ್ರೆಯ ಪತ್ರ ತನ್ನಿ ಎಂದರು. ಇಂಥ ಗರ್ಭಿಣಿಯನ್ನೂ ಪತ್ರಕ್ಕಾಗಿ ಅಲೆಸುತ್ತಾರೆಯೇ?

ವಾರಿಜಾ: ಅದು ಬೇರೆ ಮಾರಾಯರೇ. ನಿಮ್ಮದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಹಣಕ್ಕೆ ಬೇಕಾದ ಪತ್ರ. ತುರ್ತು ಚಿಕಿತ್ಸೆಗೆ ಅದನ್ನು ಕೇಳುವಂತಿಲ್ಲ. ನಾವು ಬರೆಯುವ ಚೀಟಿ ಮುಂದಿನ ವೈದ್ಯರಿಗೆ. ಅದರಲ್ಲಿ ಡೋಸ್ ಮತ್ತು ಕೊಟ್ಟ ಗಂಟೆ ಇರಲೇಬೇಕು. ಮುಂದಿನ 5 ಗ್ರಾಂ ನಾಲ್ಕು ಗಂಟೆ ಕಳೆದ ಮೇಲೆ, ಅದೂ ಮಂಡಿಯ ಪ್ರತಿವರ್ತನೆ, ಮೂತ್ರದ ಪ್ರಮಾಣ, ನಿಮಿಷಕ್ಕೆ ಕನಿಷ್ಠ 16 ಉಸಿರು ನೋಡಿಕೊಂಡು. "ಇಂಜೆಕ್ಷನ್ ನೀಡಲಾಗಿದೆ" ಎಂದಷ್ಟೇ ಬರೆದ ಚೀಟಿ ಬಂದರೆ ಅಲ್ಲಿನವರು ಮತ್ತೆ ಮೊದಲಿನಿಂದ ಕೊಟ್ಟುಬಿಡಬಹುದು. ಮ್ಯಾಗ್ನೀಸಿಯಂ ಹೆಚ್ಚಾದರೆ ಉಸಿರು ನಿಲ್ಲುತ್ತದೆ.

ಪ್ರಶಾಂತ: ಒಪ್ಪಿದೆ. ಆದರೆ ಪ್ರಾಥಮಿಕ ಕೇಂದ್ರವನ್ನು ಬಿಟ್ಟು ಎಲ್ಲರನ್ನೂ ಮೇಲಕ್ಕೆ ಕಳುಹಿಸಿದರೆ ಮಂಗಳೂರಿನ ಲೇಡಿಗೋಷನ್‌ನಲ್ಲಿ ಸಾಮಾನ್ಯ ಹೆರಿಗೆಗಳೇ ತುಂಬುತ್ತವೆ. ಪ್ರಾಥಮಿಕ ಕೇಂದ್ರದಲ್ಲಿ ವೈದ್ಯರಿದ್ದಾರೆ, ಸ್ಟಾಫ್ ನರ್ಸ್‌ಗಳಿದ್ದಾರೆ, ಹೆರಿಗೆ ಕೋಣೆ ಇದೆ.

ವಾರಿಜಾ: ಇದ್ದಾರೆ, ಎಷ್ಟು ಜನ? ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡದ 2012ರ ಆವೃತ್ತಿಯಂತೆ ತಿಂಗಳಿಗೆ 20ಕ್ಕಿಂತ ಕಡಿಮೆ ಹೆರಿಗೆ ಆಗುವ ಕಡೆ 3 ಸ್ಟಾಫ್ ನರ್ಸ್, ಅದಕ್ಕಿಂತ ಹೆಚ್ಚಿದ್ದರೆ 4. ದಿನಕ್ಕೆ ಮೂರು ಪಾಳಿ ಎಂದರೆ ವಾರಕ್ಕೆ 21. ಒಬ್ಬರು ಆರು ಪಾಳಿ ಮಾಡಿದರೂ ಮೂವರಿಂದ 18. ಯಾರೂ ರಜೆ ಹಾಕದೆ, ಯಾರಿಗೂ ಜ್ವರ ಬರದೆಯೂ ಮೂರು ಪಾಳಿ ಬರಿದು. ರಾತ್ರಿ ಒಬ್ಬಳೇ ಇರುವ ನರ್ಸ್ ಆಂಬ್ಯುಲೆನ್ಸ್‌ನಲ್ಲಿ ಹೋದರೆ ಹೆರಿಗೆ ಕೋಣೆಗೆ ಬೀಗ. ನಾನು ಹೇಳುವುದು ಈ ಒಂದು ಬಗೆಯ ರೋಗಿಗೆ ಮಾತ್ರ. ಸಾಮಾನ್ಯ ಹೆರಿಗೆ ನಮ್ಮಲ್ಲೇ ಆಗಲಿ.

ರಕ್ಷಿತಾ: ಅಕ್ಕ, ವೈದ್ಯರು ಸಿಗದಿದ್ದರೆ ಎಎನ್‌ಎಂ ತಾವೇ ಆ ಡೋಸ್ ಕೊಡಬಹುದೇ?

ವಾರಿಜಾ: ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ತರಬೇತಿ ಪಡೆದವರು ಮೊದಲ ಡೋಸ್ ಕೊಟ್ಟೇ ಕಳುಹಿಸಬೇಕು.

ಪ್ರಶಾಂತ: ಕಾಗದದಲ್ಲಿ ಹಾಗಿದೆ. ದಾರಿಯಲ್ಲಿ ಏನಾದರೂ ಆದರೆ ಮನೆಯವರು ಬಂದು ಕೇಳುವುದು ಸೂಜಿ ಹಾಕಿದವಳನ್ನೇ. ಫೋನ್‌ನಲ್ಲಾದರೂ ವೈದ್ಯರ ಮಾತು ಪಡೆದು, ಹೆಸರು ಬರೆದಿಡಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ವಾರಿಜಾ: ಬರೆದಿಡಲಿ ಸರ್, ಬೇಡವೆನ್ನುವುದಿಲ್ಲ. ಆದರೆ ಘಟ್ಟದ ಬುಡದಲ್ಲಿ ಮಳೆಗಾಲದಲ್ಲಿ ಸಿಗ್ನಲ್‌ಗಾಗಿ ಕಾಯುತ್ತಾ ಕುಳಿತರೆ ಅವಳಿಗೆ ಅಲ್ಲೇ ಫಿಟ್ಸ್ ಬರುತ್ತದೆ.

ಹರೀಶ: ಮಂಡಿಯ ಪತ್ರ ಕೊನೆಗೆ ಮಂಗಳೂರಿನ ವೆನ್‌ಲಾಕ್ ಸರಕಾರಿ ಆಸ್ಪತ್ರೆಯಿಂದ ಸಿಕ್ಕಿತು, ಅಂದ ಹಾಗೆ.