ಪದಚರ್ಚೆ: ಬ್ಲೈಂಡ್ ಸ್ಪಾಟ್‌ಗೆ ಕನ್ನಡ ಏನು? ‘ವೇಗವಾಗಿ ಬರುವ ವಾಹನ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ಒಂದು ಡ್ರೈವಿಂಗ್ ಸ್ಕೂಲಿಗಾಗಿ ಸಣ್ಣ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೊಸ ಕಾರುಗಳ ಸೈಡ್ ಮಿರರ್‌ನ ಅಂಚಿನಲ್ಲಿ ಹಳದಿ ದೀಪ ಹತ್ತುತ್ತದಲ್ಲ, ಪಕ್ಕದ ಲೇನಿನಲ್ಲಿ ಗಾಡಿ ಇದೆ ಅಂತ? ಅದರ ಬಗ್ಗೆ ಎರಡು ಪುಟ ಇದೆ. ಅಲ್ಲಿನ ಒಂದು ವಾಕ್ಯವನ್ನು ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ಅತಿ ವೇಗದ ವಾಹನಗಳನ್ನು ಮತ್ತು ಭಾರಿ ಮಳೆಯಲ್ಲಿ ಯಾವುದೇ ವಾಹನವನ್ನು ಕುರುಡು ಚುಕ್ಕೆ ನಿಗಾ ವ್ಯವಸ್ಥೆ ಪತ್ತೆ ಮಾಡದಿರಬಹುದು.’

ನನಗೇ ಇದು ಸಮಾಧಾನ ತಂದಿಲ್ಲ. ‘ಕುರುಡು ಚುಕ್ಕೆ’ ಅಂದರೆ ಕಲಿಯಲು ಬಂದ ಹುಡುಗರಿಗೆ ಏನೂ ಹೊಳೆಯುವುದಿಲ್ಲ. ‘ಅತಿ ವೇಗ’ ಅಂದರೆ ಎಷ್ಟು ಅಂತ ಅವರು ಕೇಳಿಯೇ ಕೇಳುತ್ತಾರೆ. ಮಳೆ ಬಂದರೆ ಆ ಗಾಡಿಯನ್ನು ಪತ್ತೆ ಮಾಡುವ ರಾಡಾರ್‌ಗೆ ಏನಾಗುತ್ತದೆ ಅನ್ನುವುದು ನನಗೂ ಗೊತ್ತಿಲ್ಲ, ಹಾಗಾಗಿ ಸರಿಯಾದ ಕ್ರಿಯಾಪದ ಸಿಗುತ್ತಿಲ್ಲ. ದಯವಿಟ್ಟು ತಿದ್ದಿ.

— ಅನುವಾದಕಿ, ಮಂಡ್ಯ

* * *

ತಂಗೀ, ‘ಕುರುಡು ಚುಕ್ಕೆ’ ತಪ್ಪಲ್ಲ. ನಾವು ಪಾಠ ಮಾಡುವಾಗ ‘ಅಂಧಬಿಂದು’ ಅಂತಲೂ ಹೇಳುತ್ತಿದ್ದೆವು. ಕಣ್ಣಿನ ಹಿಂಭಾಗದಲ್ಲಿ ನರ ಹೊರಗೆ ಹೋಗುವ ಜಾಗ ಅದು. ಅಲ್ಲಿ ಬೆಳಕನ್ನು ಹಿಡಿಯುವ ಕೋಶಗಳೇ ಇಲ್ಲ. ಕಾಗದದ ಮೇಲೆ ಒಂದು ಚುಕ್ಕೆ, ಪಕ್ಕದಲ್ಲಿ ಒಂದು ಅಡ್ಡಗೆರೆ ಬರೆದು, ಚುಕ್ಕೆಯ ಕಡೆಯದಲ್ಲದ ಕಣ್ಣು ಮುಚ್ಚಿ, ಇನ್ನೊಂದರಿಂದ ಗೆರೆಯನ್ನೇ ನೋಡುತ್ತಾ ಹಿಂದೆ ಮುಂದೆ ಸರಿಸಿದರೆ ಚುಕ್ಕೆ ಮಾಯವಾಗುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಮರೆಯುವುದಿಲ್ಲ. ಕೈಪಿಡಿಯಲ್ಲಿ ಈ ಚಿತ್ರವನ್ನೂ ಸೇರಿಸಬಹುದು.

— ನಿವೃತ್ತ ವಿಜ್ಞಾನ ಮೇಷ್ಟ್ರು, ಪಾಂಡವಪುರ

* * *

ಮೇಷ್ಟ್ರೇ, ಇದು ಕಣ್ಣಿನ ವಿಷಯ ಅಲ್ಲ ಸರ್, ಕನ್ನಡಿಯ ವಿಷಯ. ಎರಡೂ ಕಣ್ಣು ಚೆನ್ನಾಗಿದ್ದರೂ ಕಾರಿನ ಪಕ್ಕ, ಸ್ವಲ್ಪ ಹಿಂದೆ ಇರುವ ಬೈಕು ಕನ್ನಡಿಯಲ್ಲಿ ಬೀಳುವುದಿಲ್ಲ. ನಮ್ಮ ಹುಡುಗರು ‘ಸೈಡ್ ಮರೆ ಆಯ್ತು’ ಅಂತಾರೆ.

ಮೇಡಂ ಕೇಳಿದ್ದಕ್ಕೆ ನನಗೆ ತಿಳಿದದ್ದು ಇಷ್ಟು. ಬಂಪರ್‌ನಲ್ಲಿ ಸೆನ್ಸರ್ ಇರುತ್ತದೆ, ಅದು ಅಲೆ ಬಿಡುತ್ತದೆ, ತಾಗಿ ವಾಪಸ್ ಬಂದರೆ ದೀಪ ಹತ್ತುತ್ತದೆ. ಪಾರ್ಕಿಂಗ್ ಸೆನ್ಸರ್ ಇದ್ದ ಹಾಗೆಯೇ. ನೂರಕ್ಕಿಂತ ಜಾಸ್ತಿ ಸ್ಪೀಡಿನಲ್ಲಿ ಬಂದರೆ ಅದಕ್ಕೆ ಸಿಕ್ಕುವುದಿಲ್ಲ. ಮಳೆಯಲ್ಲಿ ಹನಿಗಳೇ ಅಲೆಯನ್ನು ತಡೆದುಬಿಡುತ್ತವೆ. ಆದ್ದರಿಂದ ‘ನೂರು ಕಿಲೋಮೀಟರ್ ಮೀರಿದ ವೇಗ’ ಅಂತ ನೇರವಾಗಿ ಬರೆದುಬಿಡಿ.

— ಡ್ರೈವಿಂಗ್ ಕಲಿಸುವವನು, ಮಂಡ್ಯ

* * *

ಕೆಲವು ವರ್ಷ ಇಂಥ ರಾಡಾರ್‌ಗಳನ್ನು ಬಂಪರ್ ಹಿಂದೆ ಕೂರಿಸಿ ಪರೀಕ್ಷೆ ಮಾಡುವ ಕೆಲಸ ಮಾಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ. ಅಲೆ ಬಿಡುತ್ತದೆ, ವಾಪಸ್ ಬಂದದ್ದನ್ನು ಕೇಳುತ್ತದೆ, ನಿಜ. ಆದರೆ ಪಾರ್ಕಿಂಗ್ ಸೆನ್ಸರ್‌ನದು ಶಬ್ದದ ಅಲೆ, ಇದರದು ರೇಡಿಯೋ ಅಲೆ. ಹಳೆಯವು 24 ಗಿಗಾಹರ್ಟ್ಸ್‌ನಲ್ಲಿ, ಹೊಸವು ಹೆಚ್ಚಾಗಿ 77ರ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಹಿಂದಿನ ಬಂಪರ್‌ನ ಎರಡು ಮೂಲೆಗಳ ಒಳಗೆ ಒಂದೊಂದು ಪೆಟ್ಟಿಗೆ ಇರುತ್ತದೆ, ಹೊರಗೆ ಕಾಣುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಅದಕ್ಕೆ ಕಿಟಕಿ ಗಾಜು ಇದ್ದ ಹಾಗೆ.

ಅದು ಬಿಡುವ ಅಲೆಯ ಶ್ರುತಿ ಒಂದೇ ಸಮನೆ ಇರುವುದಿಲ್ಲ, ಏರುತ್ತಾ ಹೋಗುತ್ತದೆ. ತಾಗಿ ವಾಪಸ್ ಬಂದ ಅಲೆ ತುಸು ಹಿಂದಿನ ಶ್ರುತಿಯದು. ಎರಡರ ನಡುವಿನ ಅಂತರ ನೋಡಿ ದೂರ ತಿಳಿಯುತ್ತದೆ. ಇನ್ನು ವೇಗ. ರೈಲ್ವೆ ಗೇಟಿನ ಹತ್ತಿರ ನಿಂತಾಗ ರೈಲು ಹತ್ತಿರ ಬರುವಾಗ ಹಾರ್ನ್ ಏರುದನಿಯಲ್ಲಿ, ದಾಟಿದ ಮೇಲೆ ಇಳಿದನಿಯಲ್ಲಿ ಕೇಳುತ್ತದಲ್ಲ, ರೇಡಿಯೋ ಅಲೆಗೂ ಹಾಗೇ ಆಗುತ್ತದೆ. ಆ ಏರಿಳಿತದಿಂದ ವೇಗ ಗೊತ್ತಾಗುತ್ತದೆ. ಆದರೆ ಯಾವ ವೇಗ? ಹಿಂದಿನ ಗಾಡಿಯ ಸ್ಪೀಡೋಮೀಟರ್ ತೋರಿಸುವ ವೇಗ ಅಲ್ಲ. ಅದು ನಮಗೆ ಎಷ್ಟು ಬೇಗ ಹತ್ತಿರವಾಗುತ್ತಿದೆ ಅನ್ನುವ ವೇಗ. ‘ಅತಿ ವೇಗದ ವಾಹನ’ ಅನ್ನುವ ಅನುವಾದ ತಪ್ಪುವುದು ಇಲ್ಲೇ.

ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. ನೀವು ಗಂಟೆಗೆ 100ರಲ್ಲಿ ಹೋಗುತ್ತಿದ್ದೀರಿ, ಪಕ್ಕದ ಲೇನಿನವನು 104ರಲ್ಲಿ ಬರುತ್ತಿದ್ದಾನೆ. ವ್ಯತ್ಯಾಸ ಬರೀ 4. ಅಂದರೆ ಸೆಕೆಂಡಿಗೆ ಸುಮಾರು 1 ಮೀಟರ್. ಸಾಮಾನ್ಯ ವ್ಯವಸ್ಥೆ ನಿಮ್ಮ ಬಂಪರ್‌ನಿಂದ ಸುಮಾರು 3 ಮೀಟರ್ ಹಿಂದಿನವರೆಗೆ ಪಕ್ಕದ ಲೇನನ್ನು ಕಾಯುತ್ತದೆ ಅಂತ ಇಟ್ಟುಕೊಳ್ಳಿ. ಆ 3 ಮೀಟರ್ ದಾಟಲು ಅವನಿಗೆ ಸುಮಾರು 3 ಸೆಕೆಂಡ್ ಬೇಕು. ದೀಪ ಆರಾಮವಾಗಿ ಹತ್ತುತ್ತದೆ. 100 ಮೀರಿದ್ದರೂ ರಾಡಾರ್ ಪಾಲಿಗೆ ಅದು ನಿಧಾನದ ಗಾಡಿ.

ಈಗ ನೀವು ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಹತ್ತಿದ್ದೀರಿ, ಇನ್ನೂ 60ರಲ್ಲಿ ಇದ್ದೀರಿ. ಬಲಗಡೆ ಒಬ್ಬ 100ರಲ್ಲಿ ಬರುತ್ತಿದ್ದಾನೆ. ಕಾನೂನು ಮೀರಿಲ್ಲ. ಆದರೆ ವ್ಯತ್ಯಾಸ 40, ಸೆಕೆಂಡಿಗೆ 11 ಮೀಟರ್. ಅದೇ 3 ಮೀಟರ್ ಅವನಿಗೆ ಕಾಲು ಸೆಕೆಂಡು. ರಾಡಾರ್ ಸೆಕೆಂಡಿಗೆ ಹತ್ತಿಪ್ಪತ್ತು ಸಲ ನೋಡುತ್ತದೆ, ನಿಜ. ಆದರೆ ಒಂದೇ ನೋಟಕ್ಕೆ ನಂಬುವುದಿಲ್ಲ. ಕೆಲವು ಸಲ ನೋಡಿ, ಇದು ಗಾಡಿಯೇ, ಪಕ್ಕದ ಲೇನಿನದೇ ಅಂತ ಖಚಿತ ಮಾಡಿಕೊಂಡು ದೀಪ ಹತ್ತಿಸುತ್ತದೆ. ಅಷ್ಟರಲ್ಲಿ ಅವನು ನಿಮ್ಮ ಪಕ್ಕದಲ್ಲೇ ಇರುತ್ತಾನೆ. ಪತ್ತೆ ಆಗಲಿಲ್ಲ ಅಂತ ಅಲ್ಲ, ಪತ್ತೆ ತಡವಾಯಿತು.

ಕೆಲವು ಕಾರುಗಳಲ್ಲಿ ಇನ್ನೂ ದೂರ, 70 ಮೀಟರ್‌ವರೆಗೆ ನೋಡುವ ರಾಡಾರ್ ಇದೆ. ಅಲ್ಲಿ ದೂರಕ್ಕಿಂತ ಸಮಯವೇ ಮುಖ್ಯ. ಇನ್ನು ಕೆಲವೇ ಸೆಕೆಂಡಿನಲ್ಲಿ ಪಕ್ಕಕ್ಕೆ ಬರುತ್ತಾನೆ ಅಂದಾಗ ದೀಪ ಹತ್ತುತ್ತದೆ. ಈ ಉದಾಹರಣೆಯಲ್ಲಿ 70 ಮೀಟರ್ ಅಂದರೆ ಸುಮಾರು 6 ಸೆಕೆಂಡ್, ಸಾಕಷ್ಟು ಸಮಯ. ಎರಡು ಬಗೆಯ ಕಾರಿಗೂ ಒಂದೇ ವಾಕ್ಯ ಬರೆದರೆ ಓದುವವರಿಗೆ ಮೋಸವಾಗುತ್ತದೆ. ಆದ್ದರಿಂದ ನನ್ನ ಸಲಹೆ: ‘ನಿಮಗಿಂತ ತುಂಬ ವೇಗವಾಗಿ ಹತ್ತಿರವಾಗುವ ವಾಹನ.’ ‘ನಿಮಗಿಂತ’ ಅನ್ನುವ ಪದವನ್ನು ಬಿಡಬೇಡಿ.

ಮಳೆಯ ಬಗ್ಗೆ ನಾಳೆ ಬರೆಯುತ್ತೇನೆ.

— ಹೆಬ್ಬಾಳ, ಮೈಸೂರು

* * *

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಾರಿಗೆ ಹೋದ ವರ್ಷ ಹಿಂದಿನಿಂದ ಆಟೋ ತಾಗಿತ್ತು. ಬಂಪರ್‌ನ ಎಡ ಮೂಲೆಗೆ ಗ್ಯಾರೇಜಿನಲ್ಲಿ ಪಟ್ಟಿ ಹಾಕಿ ಪೇಂಟ್ ಮಾಡಿಸಿದೆವು. ಅಂದಿನಿಂದ ಮಳೆ ಬಂದರೆ ಸಾಕು, ಸೆನ್ಸರ್ ಮುಚ್ಚಿದೆ ಅಂತ ಸಂದೇಶ ಬರುತ್ತದೆ. ಕೆಲವು ಸಲ ರಸ್ತೆ ಖಾಲಿ ಇದ್ದರೂ ದೀಪ ಹತ್ತುತ್ತದೆ. ಇದು ಮಳೆಯ ತಪ್ಪೋ, ಪೇಂಟಿನ ತಪ್ಪೋ?

— ಕುವೆಂಪುನಗರ, ಮೈಸೂರು

* * *

ಅಕ್ಕ, ನಿಮ್ಮ ಪ್ರಶ್ನೆ ಸರಿಯಾದ ಹೊತ್ತಿಗೆ ಬಂತು.

ಹನಿಗಳು ಅಲೆಯನ್ನು ತಡೆಯುತ್ತವೆ ಅನ್ನುವುದು ಪೂರ್ತಿ ಸುಳ್ಳಲ್ಲ. 77 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 4 ಮಿಲಿಮೀಟರ್, ಜೋರು ಮಳೆಯ ಹನಿಯಷ್ಟೇ ದೊಡ್ಡದು. ಹಾಗಾಗಿ ಒಂದಿಷ್ಟು ನಷ್ಟ ಆಗೇ ಆಗುತ್ತದೆ. ಆದರೆ ಈ ರಾಡಾರ್ ನೋಡುವುದು ಕೆಲವು ಹತ್ತು ಮೀಟರ್ ಮಾತ್ರ. ಅಷ್ಟು ದೂರದಲ್ಲಿ ಗಾಳಿಯಲ್ಲಿರುವ ಮಳೆ ಕಿತ್ತುಕೊಳ್ಳುವುದು ಕಡಿಮೆ. ನಿಜವಾದ ಪೆಟ್ಟು ಬೀಳುವುದು ಬಂಪರ್ ಮೇಲೆ ಹರಡಿದ ತೆಳ್ಳಗಿನ ನೀರಿನಿಂದ. ನೀರು ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ, ಹಿಂದಕ್ಕೂ ತಳ್ಳುತ್ತದೆ. ಕೆಸರು ಸೇರಿದರೆ ಇನ್ನೂ ಜಾಸ್ತಿ.

ಲೆಕ್ಕಕ್ಕೆ ಅಂತ, ಆ ನೀರು ಅಲೆಯಲ್ಲಿ ಅರ್ಧ ತಿಂದುಬಿಟ್ಟಿತು ಅನ್ನಿ. ಹೋಗುವಾಗ ಅರ್ಧ, ಬರುವಾಗ ಉಳಿದದ್ದರಲ್ಲಿ ಅರ್ಧ. ಒಳಗೆ ಬಂದದ್ದು ಕಾಲು ಭಾಗ. ಇನ್ನೊಂದು ಮಾತು: ದೂರ ಎರಡು ಪಟ್ಟಾದರೆ ವಾಪಸ್ ಬರುವ ಅಲೆ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಎರಡನ್ನೂ ಸೇರಿಸಿ ನೋಡಿದರೆ 70 ಮೀಟರ್ ನೋಡುತ್ತಿದ್ದ ರಾಡಾರ್ 50ಕ್ಕೆ ಇಳಿಯುತ್ತದೆ. ನಿನ್ನೆಯ ಉದಾಹರಣೆಯ 6 ಸೆಕೆಂಡ್ ಈಗ ನಾಲ್ಕೂವರೆ. ಬಸ್ಸು, ಲಾರಿ ದೊಡ್ಡವು, ಹೇಗೋ ಕಾಣುತ್ತವೆ. ಬೈಕಿನಿಂದ ಬರುವ ಅಲೆ ಮೊದಲೇ ಕ್ಷೀಣ, ಮೊದಲು ಕಳೆದುಹೋಗುವುದೂ ಅದೇ. ಹೆದ್ದಾರಿಯ ಮುಖ್ಯ ಲೇನುಗಳಲ್ಲಿ 2023ರ ಆಗಸ್ಟ್‌ನಿಂದ ಬೈಕು ಬಿಡುವುದಿಲ್ಲ. ಆದರೆ ಮೈಸೂರಿನ ರಿಂಗ್ ರಸ್ತೆಯಲ್ಲಿ ಬೈಕು ಇದ್ದೇ ಇದೆಯಲ್ಲ.

ಖಾಲಿ ರಸ್ತೆಯಲ್ಲಿ ದೀಪ ಹತ್ತುವುದು ಬೇರೆ ಕಥೆ. ರಸ್ತೆ ಪಕ್ಕದ ಕಬ್ಬಿಣದ ತಡೆಗೋಡೆಯನ್ನು ರಾಡಾರ್ ಬಿಟ್ಟುಬಿಡುತ್ತದೆ. ಯಾಕೆಂದರೆ ಅದು ನಮ್ಮ ವೇಗದಲ್ಲೇ ಹಿಂದಕ್ಕೆ ಸರಿಯುತ್ತದೆ, ಅಂದರೆ ನಿಂತ ವಸ್ತು. ನಿಮ್ಮ ಚಕ್ರ ಎರಚಿದ ನೀರು ಹಾಗಲ್ಲ. ಅದು ಸ್ವಲ್ಪ ದೂರ ಕಾರಿನ ಜೊತೆಗೇ ಬರುತ್ತದೆ. ಜೊತೆಗೆ ಬರುವುದೆಲ್ಲ ರಾಡಾರ್‌ಗೆ ಗಾಡಿಯಂತೆ ಕಾಣಬಹುದು.

ಇನ್ನು ನಿಮ್ಮ ಬಂಪರ್. ದಪ್ಪ ಪಟ್ಟಿ, ಲೋಹದ ಪುಡಿ ಇರುವ ಪೇಂಟ್, ಎರಡೂ ಅಲೆಗೆ ಅಡ್ಡ. ಮೇಲೆ ನೀರೂ ಸೇರಿದರೆ ಮಿತಿ ದಾಟುತ್ತದೆ. ನೀವೇ ನೋಡಬಹುದು: ಮಳೆಯಲ್ಲಿ ಎಡ, ಬಲ ಎರಡೂ ದೀಪ ಒಂದೇ ರೀತಿ ತಪ್ಪುತ್ತವೆಯೇ? ಹಾಗಿದ್ದರೆ ಮಳೆ. ಬರೀ ಎಡಗಡೆಯದೇ ತಪ್ಪಿದರೆ, ಒಣ ದಿನವೂ ತಡವಾದರೆ, ಆ ಮೂಲೆಯ ಪಟ್ಟಿ ಇರಬಹುದು. ಇಲ್ಲವೇ ಆಟೋ ತಾಗಿದಾಗ ಒಳಗಿನ ಪೆಟ್ಟಿಗೆಯ ಕೋನ ತಿರುಗಿರಬಹುದು. ಯಾವುದು ಅಂತ ಇಲ್ಲಿ ಕೂತು ಹೇಳಲಾರೆ. ಬಂಪರ್ ಬಿಚ್ಚಿಸಿ, ಕೋನ ಸರಿ ಇದೆಯೇ ಅಂತ ಅಳತೆ ಮಾಡಿಸಬೇಕು.

— ಹೆಬ್ಬಾಳ, ಮೈಸೂರು

* * *

ಸರ್, ನೀವು ‘ಬಂಪರ್ ಮೇಲಿನ ತೆಳ್ಳಗಿನ ನೀರು’ ಅಂದದ್ದನ್ನು ಓದುತ್ತಿದ್ದಂತೆ ನನಗೆ ಪದ ಸಿಕ್ಕಿತು. ಪೊರೆ! ಹಾವಿನ ಪೊರೆ, ಕಣ್ಣಿನ ಪೊರೆ. ಕಣ್ಣಿಗೆ ಪೊರೆ ಬಂದವರಿಗೆ ಪೂರ್ತಿ ಕುರುಡಲ್ಲ, ಮಂಜು. ಹತ್ತಿರದ ದೊಡ್ಡದು ಕಾಣುತ್ತದೆ, ದೂರದ ಚಿಕ್ಕದು ಕಾಣುವುದಿಲ್ಲ. ರಾಡಾರ್‌ಗೂ ಅದೇ ಆಗುತ್ತದಲ್ವಾ? ನಾನು ‘ಯಾವುದೇ ವಾಹನವನ್ನು’ ಅಂತ ಬರೆದದ್ದು ತಪ್ಪು ಅನ್ನುವುದೂ ಇದರಿಂದಲೇ ತಿಳಿಯಿತು. ಈಗ ಹೀಗೆ ತಿದ್ದಿದ್ದೇನೆ:

‘ನಿಮಗಿಂತ ತುಂಬ ವೇಗವಾಗಿ ಹತ್ತಿರವಾಗುವ ವಾಹನ ಬಂದಾಗ ಮರೆಗಾವಲಿನ ದೀಪ ತಡವಾಗಿ ಹತ್ತಬಹುದು. ಜೋರು ಮಳೆಯಲ್ಲಿ ಬಂಪರ್ ಮೇಲೆ ನೀರಿನ ಪೊರೆ ಕಟ್ಟಿದಾಗ ದೂರದ ವಾಹನ, ಬೈಕು ಅದಕ್ಕೆ ಕಾಣದೇ ಹೋಗಬಹುದು. ಚಕ್ರ ಎರಚಿದ ನೀರಿಗೆ ದೀಪ ಸುಮ್ನೆ ಹತ್ತಲೂಬಹುದು.’

ಬ್ಲೈಂಡ್ ಸ್ಪಾಟ್‌ಗೆ ‘ಮರೆ’, ಅದನ್ನು ಕಾಯುವ ವ್ಯವಸ್ಥೆಗೆ ‘ಮರೆಗಾವಲು’. ‘ಸೈಡ್ ಮರೆ’ ಅನ್ನುವ ಹುಡುಗರ ಮಾತಿನಿಂದಲೇ ತೆಗೆದುಕೊಂಡೆ.

— ಅನುವಾದಕಿ, ಮಂಡ್ಯ

* * *

ವಾಕ್ಯ ಚೆನ್ನಾಗಿದೆ. ಆದರೆ ‘ಮರೆಗಾವಲು’ ನನಗೆ ಒಪ್ಪಿಗೆ ಇಲ್ಲ. ಮರೆಯಲ್ಲಿ ನಿಂತು ಕಾಯುವವನು ಅಂತಲೂ ಅರ್ಥ ಬರುತ್ತದೆ. ‘ಕಾಣದ ಮೂಲೆ’ ಅಂದರೆ ಗೊಂದಲವೇ ಇಲ್ಲ. ನನ್ನ ಚುಕ್ಕೆಯನ್ನು ಬಿಟ್ಟುಕೊಟ್ಟಿದ್ದೇನೆ, ಮೂಲೆಯನ್ನು ಬಿಡುವುದಿಲ್ಲ.

— ಪಾಂಡವಪುರ

* * *

100ರ ಲೆಕ್ಕ ನನ್ನದು ತಪ್ಪು, ಒಪ್ಪಿದೆ. ನಾಳೆ ಬೆಳಿಗ್ಗೆ ಆರು ಜನಕ್ಕೆ ಕ್ಲಾಸ್ ಇದೆ. ಮೂರು ಪದವನ್ನೂ ಬೋರ್ಡಿನ ಮೇಲೆ ಬರೆದು, ಕಾರಿನ ಪಕ್ಕ ಒಬ್ಬನನ್ನು ಬೈಕಿನಲ್ಲಿ ನಿಲ್ಲಿಸಿ, ಈ ಜಾಗಕ್ಕೆ ಏನಂತೀರಿ ಅಂತ ಕೇಳುತ್ತೇನೆ. ಅವರು ಹೇಳಿದ್ದನ್ನು ಹಾಗೇ ಇಲ್ಲಿ ಬರೆಯುತ್ತೇನೆ.

— ಡ್ರೈವಿಂಗ್ ಕಲಿಸುವವನು, ಮಂಡ್ಯ