ಅಪ್ಪನ ಎದೆಬಡಿತ: ಮಾತ್ರೆಯೋ, ಅಬ್ಲೇಶನ್ನೋ?

ಪಾಲಿಬೆಟ್ಟದಿಂದ
ಅಪ್ಪನಿಗೆ 61. ಏಟ್ರಿಯಲ್ ಫಿಬ್ರಿಲೇಶನ್ ಇದೆ. ಏಳು ತಿಂಗಳಿಂದ ಬಡಿತ ತಾಳಕ್ಕೆ ತರುವ ಅಮಿಯೊಡರೋನ್ 200 ತಗೊಳ್ತಿದ್ದರೂ ತಿಂಗಳಿಗೆ ಎರಡು ಮೂರು ಸಲ ಬಡಿತ ತಾಳ ತಪ್ಪುತ್ತದೆ, ನಾಲ್ಕೈದು ಗಂಟೆ ಆದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಬಿಪಿ ಇದೆ, ಶುಗರ್ ಇಲ್ಲ. ರಕ್ತ ತೆಳು ಮಾಡುವ ಮಾತ್ರೆಯೂ ಇದೆ. ಮೈಸೂರಿನಲ್ಲಿ ಅಬ್ಲೇಶನ್ ಮಾಡಿಸಿ ಅಂದಿದ್ದಾರೆ. ಮಾತ್ರೆಯಲ್ಲೇ ಮುಂದುವರಿಸಬಹುದಾ?

ಸೋಮವಾರಪೇಟೆಯಿಂದ
ಯೋಚನೆ ಮಾಡಬೇಡಿ, ಮಾಡಿಸಿ. ನನಗೂ ಆಗಿದೆ. ಮೆಣಸು ಕೊಯ್ಯುವಾಗ ಏಣಿ ಮೇಲೆ ನಿಂತಿದ್ದೆ, ಸ್ವಿಚ್ ಹಾಕಿದ ಹಾಗೆ ಬಡಿತ 190ಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಅಷ್ಟೇ ಥಟ್ಟನೆ ನಿಂತಿತು. ತೊಡೆಯ ಸಂದಿಯ ರಕ್ತನಾಳದಿಂದ ವೈರ್ ಹಾಕಿ ಸುಟ್ಟರು, ಮಾರನೇ ದಿನ ಮನೆಗೆ ಬಂದೆ. ಮೂರು ವರ್ಷದಿಂದ ಒಂದು ಮಾತ್ರೆಯೂ ಇಲ್ಲ.

ಕುಶಾಲನಗರದಿಂದ
ಕ್ಯಾಥ್ ಲ್ಯಾಬಿನಲ್ಲಿ 19 ವರ್ಷ ನರ್ಸ್ ಆಗಿದ್ದೆ. ಸೋಮವಾರಪೇಟೆ ಅಣ್ಣಾ, ನೀವು ಹೇಳೋದು ಕೇಳಿದರೆ ನಿಮ್ಮದು ಎಸ್‌ವಿಟಿ ಅನ್ನುವ ಬೇರೆ ಥರದ ಬಡಿತ ಇದ್ದ ಹಾಗಿದೆ. ಅದರಲ್ಲಿ ಹೆಚ್ಚಾಗಿ ಒಂದೇ ಕಡೆ ಸುಟ್ಟರೆ ಸಾಕು, ನೂರರಲ್ಲಿ ಸುಮಾರು 95 ಜನಕ್ಕೆ ಮತ್ತೆ ಬರೋದಿಲ್ಲ. ಇವರ ಅಪ್ಪನದು ಹಾಗಲ್ಲ. ಶ್ವಾಸಕೋಶದಿಂದ ಹೃದಯದ ಎಡ ಮೇಲ್ಕೋಣೆಗೆ ಬರುವ ರಕ್ತನಾಳಗಳ ಬಾಯಲ್ಲಿ ಕಿಡಿ ಹುಟ್ಟುತ್ತದೆ. ಫ್ರಾನ್ಸಿನ ಬೋರ್ಡೋ ಡಾಕ್ಟರುಗಳು 1998ರಲ್ಲಿ ತೋರಿಸಿದ್ದು ಇದನ್ನೇ. ಕೋಣೆಗಳ ನಡುವಿನ ಗೋಡೆ ಚುಚ್ಚಿ ಆ ಕಡೆ ಹೋಗಿ, ಒಂದೊಂದು ಬಾಯಿಯ ಸುತ್ತಲೂ ಬಳೆ ಹಾಕಿದ ಹಾಗೆ ಸುಡಬೇಕು. ಹೀಗೆ ಬಂದು ಹೋಗುವವರಲ್ಲಿ ನೂರಕ್ಕೆ ಸುಮಾರು 70 ಜನ ಒಂದು ವರ್ಷ ನೆಮ್ಮದಿಯಾಗಿರುತ್ತಾರೆ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ.

ಪಾಲಿಬೆಟ್ಟದವರೇ, ಎಕೋ ರಿಪೋರ್ಟ್ ಏನಿದೆ? ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತಾ? ಟಿಎಸ್‌ಎಚ್ ಅನ್ನುವ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ?

ವಿರಾಜಪೇಟೆಯಿಂದ
ಅಮಿಯೊಡರೋನ್ ಥೈರಾಯ್ಡ್ ಕೆಡಿಸುತ್ತದೆ, ನಮ್ಮಮ್ಮನಿಗೆ ಆಗಿದೆ. ಅಬ್ಲೇಶನ್ ಆದರೆ ರಕ್ತ ತೆಳು ಮಾಡುವ ಮಾತ್ರೆಯೂ ಬಿಡಬಹುದು, ಅದೇ ದೊಡ್ಡ ಲಾಭ.

ಪಾಲಿಬೆಟ್ಟದಿಂದ
ಎಕೋದಲ್ಲಿ ಪಂಪಿಂಗ್ ತೋರಿಸುವ ಇಎಫ್ 60, ಎಡ ಮೇಲ್ಕೋಣೆ 41 ಮಿಲಿಮೀಟರ್. ಅಟ್ಯಾಕ್ ಆಗಿಲ್ಲ, ಆಂಜಿಯೊದಲ್ಲಿ ಬ್ಲಾಕ್ ಇಲ್ಲ. ಟಿಎಸ್‌ಎಚ್ ಹೋದ ವಾರ ಮಾಡಿಸಿದ್ದು, 11. ತೋಟಕ್ಕೆ ಹೋಗಿ ಬಂದರೆ ಅಪ್ಪನ ಮುಖ, ಕುತ್ತಿಗೆ ಕೆಂಪಾಗಿ ಉರಿಯುತ್ತದೆ. ಅದೂ ಮಾತ್ರೆಯದೇನಾ?

ಕುಶಾಲನಗರದಿಂದ
ಇರಬಹುದು. ಅದು ಬಿಸಿಲಿಗೆ ಚರ್ಮ ಸುಡುವ ಹಾಗೆ ಮಾಡುತ್ತದೆ. ಟೋಪಿ, ತುಂಬುತೋಳಿನ ಅಂಗಿ ಹಾಕಿಸಿ. ಆ 200ರ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ನಮ್ಮ ಮೈಗೆ ದಿನಕ್ಕೆ ಬೇಕಾದ್ದು 0.15 ಮಿಲಿಗ್ರಾಂ! ಹಾಗಾಗಿ ಟಿಎಸ್‌ಎಚ್ 11ನ್ನು ಸುಮ್ನೆ ಬಿಡಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದರೂ ಮೈಯಿಂದ ಪೂರ್ತಿ ಹೋಗಲು ತಿಂಗಳುಗಳೇ ಬೇಕು.

ಹೃದಯ ಗಟ್ಟಿಯಾಗಿರುವವರಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಅಮಿಯೊಡರೋನ್ ಅಲ್ಲ, ಫ್ಲೆಕೈನೈಡ್ ಅಥವಾ ಪ್ರೊಪಫೆನೋನ್. ಆದರೆ ಅಟ್ಯಾಕ್ ಆದವರಿಗೆ, ಪಂಪಿಂಗ್ ಕಡಿಮೆ ಇರುವವರಿಗೆ ಇವು ಕೂಡದು. ಅಟ್ಯಾಕ್ ಆದವರಿಗೆ ಫ್ಲೆಕೈನೈಡ್ ಕೊಟ್ಟಾಗ ಸಾವು ಜಾಸ್ತಿ ಆಗಿದ್ದು 1989ರ ಒಂದು ದೊಡ್ಡ ಪ್ರಯೋಗದಲ್ಲಿ ಕಂಡಿತು. ಪಂಪಿಂಗ್ ಕಡಿಮೆ ಇರುವವರಿಗೆ ಅಮಿಯೊಡರೋನೇ ಗತಿ ಅನ್ನೋದು ಅದಕ್ಕೇ. ನಿಮ್ಮಪ್ಪನಿಗೆ ಆ ತೊಂದರೆ ಇಲ್ಲ. ಫ್ಲೆಕೈನೈಡ್ ಕೊಟ್ಟರೆ ಜೊತೆಗೆ ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ಥರದ್ದು ಇರಲೇಬೇಕು. ಇಲ್ಲದಿದ್ದರೆ ಫಿಬ್ರಿಲೇಶನ್ ಫ್ಲಟರ್ ಆಗಿ, ಮೇಲ್ಕೋಣೆಯ ಎಲ್ಲಾ ಬಡಿತವೂ ಕೆಳಕೋಣೆಗೆ ಇಳಿದು ನಾಡಿ 200 ದಾಟಬಹುದು.

ಆದರೆ ಗಟ್ಟಿ ಮಾತ್ರೆ ತಿಂದೂ ಹೀಗಾಗುತ್ತಿದೆ ಅಲ್ವಾ? ಮೇಲ್ಕೋಣೆಯೂ ತೀರಾ ಹಿಗ್ಗಿಲ್ಲ. ನನ್ನಪ್ಪ ಆಗಿದ್ದರೆ ಅಬ್ಲೇಶನ್ ಕಡೆಗೇ ಹೋಗುತ್ತಿದ್ದೆ. ಹಿಗ್ಗಿದ ಮೇಲೆ ಫಲ ಕಡಿಮೆ.

ವಿರಾಜಪೇಟೆಯವರ ಮಾತಿನಲ್ಲಿ ಥೈರಾಯ್ಡಿನದು ಸರಿ. ರಕ್ತ ತೆಳು ಮಾಡುವ ಮಾತ್ರೆ ಅಬ್ಲೇಶನ್ ಆದ ಮೇಲೂ ಕನಿಷ್ಠ ಎರಡು ತಿಂಗಳು ಎಲ್ಲರಿಗೂ ಬೇಕು. ಆಮೇಲೆ ಬಿಡೋದು ವಯಸ್ಸು, ಬಿಪಿ, ಶುಗರ್ ನೋಡಿ ಹಾಕುವ ಪಾರ್ಶ್ವವಾಯು ಅಪಾಯದ ಅಂಕದ ಮೇಲೆ, ಬಡಿತ ಸರಿಹೋಯಿತು ಅಂತ ಅಲ್ಲ. ಅಪ್ಪನಿಗೆ ಈಗ ಬಿಪಿಯದು ಒಂದು ಅಂಕ. 65 ತುಂಬಿದರೆ ಎರಡು, ಆಗ ಬೇಕೇ ಬೇಕು. ಒಂದಿದ್ದಾಗ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ.

ಪಾಲಿಬೆಟ್ಟದಿಂದ
ಅಪ್ಪ ಕಾಫಿ ಕೊಯ್ಲು ಮುಗಿಯಲಿ ಅನ್ನುತ್ತಾರೆ. ಎರಡು ತಿಂಗಳು ತಡ ಆಗಬಹುದಾ, ಅಕ್ಕಾ?

ಕುಶಾಲನಗರದಿಂದ
ತಲೆಸುತ್ತು, ಉಸಿರುಗಟ್ಟುವುದು ಇಲ್ಲದಿದ್ದರೆ ಆಗಬಹುದು. ಡಾಕ್ಟರನ್ನೂ ಒಂದು ಮಾತು ಕೇಳಿ. ರಕ್ತ ತೆಳು ಮಾಡುವ ಮಾತ್ರೆ ಒಂದು ದಿನವೂ ತಪ್ಪಬಾರದು.

ಮಾಡಿಸಿದ ಮೇಲೆ ಮೊದಲ ಮೂರು ತಿಂಗಳು ಬಡಿತ ತಪ್ಪಿದರೆ ಸೋತಿತು ಅಂತಲ್ಲ, ಗಾಯ ಮಾಗುವ ಕಾಲ ಅದು. ಜ್ವರದ ವಿಷಯ ಬೇರೆ. ಒಬ್ಬರಿಗೆ ಮೂರನೇ ವಾರ ಜ್ವರ, ನುಂಗುವಾಗ ನೋವು ಬಂತು. ಮಳೆಗಾಲ, ವೈರಲ್ ಜ್ವರ ಇರಬೇಕು ಅಂತ ಊರಿನಲ್ಲೇ ನಾಲ್ಕು ದಿನ ಔಷಧಿ ಕೊಟ್ಟರು. ಹೃದಯದ ಹಿಂದೆಯೇ ಅನ್ನನಾಳ ಇದೆ, ಅದಕ್ಕೂ ಸುಟ್ಟು ತೂತಾಗಿತ್ತು. ಸಾವಿರಕ್ಕೆ ಒಬ್ಬರಿಗೂ ಆಗೋದು ಅಪರೂಪ, ಆದರೆ ಹಾಗಾದರೆ ಜೀವಕ್ಕೆ ಅಪಾಯ. ಆ ಒಂದೆರಡು ತಿಂಗಳಲ್ಲಿ ಇಂಥದ್ದು ಬಂದರೆ ನೇರ ಅಬ್ಲೇಶನ್ ಮಾಡಿದ ಆಸ್ಪತ್ರೆಗೇ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಮಾಡುತ್ತಾರೆ. ಹೊಟ್ಟೆಗೆ ಕ್ಯಾಮೆರಾ ಹಾಕಿ ನೋಡುತ್ತೇವೆ ಅಂದರೆ ಮೊದಲು ಅಬ್ಲೇಶನ್ ಆಗಿದೆ ಅಂತ ಹೇಳಿ, ಹಾಕಿಸಬೇಡಿ. ಒಳಗೆ ಗಾಳಿ ತುಂಬಿದರೆ ಅದು ಹೃದಯಕ್ಕೆ ಹೋಗುತ್ತದೆ.

ಸೋಮವಾರಪೇಟೆಯಿಂದ
ನನ್ನದು ಎಸ್‌ವಿಟಿ ಅಂತ ಡಿಸ್ಚಾರ್ಜ್ ಕಾಗದದಲ್ಲೂ ಇದೆ, ಈಗಷ್ಟೇ ತೆಗೆದು ನೋಡಿದೆ. ಹಾಗಾದರೆ ಆ 70ರ ಲೆಕ್ಕ ನಿಮ್ಮಪ್ಪನದು, 95ರದ್ದು ನನ್ನದು. ಮೈಸೂರಿನವರು ಎಷ್ಟು ಅಂತ ಹೇಳಿದರು, ಕೇಳಿದ್ದೀರಾ?